ಒಂದೂವರೆ ವರ್ಷದ ಮಗು ರಾತ್ರಿ ಮಲಗಲು ಹಟ ಮಾಡಿದರೆ

"ಮೊನ್ನೆವರೆಗೂ ಎಂಟೂವರೆಗೆ ಮಲಗ್ತಿದ್ದ ರೀ. ಈಗ ಹಾಸಿಗೆ ಕಂಡ್ರೆ ಚೀರ್ತಾನೆ, ಹತ್ತೂವರೆ ಆದ್ರೂ ಕಣ್ಣು ಮುಚ್ಚಲ್ಲ. ಏನ್ ಮಾಡೋದು?"

ಮೊದಲು ಮಧ್ಯಾಹ್ನದ ನಿದ್ದೆ ನೋಡಿ. ಈ ವಯಸ್ಸಿಗೆ ಬಹಳಷ್ಟು ಮಕ್ಕಳು ಹಗಲಿನ ಎರಡು ನಿದ್ದೆ ಬಿಟ್ಟು ಒಂದಕ್ಕೆ ಬರುತ್ತಾರೆ. ಆ ಒಂದು ನಿದ್ದೆ ಹೊತ್ತು ತಪ್ಪಿದರೆ ರಾತ್ರಿಯೂ ತಪ್ಪುತ್ತದೆ. ಜೊತೆಗೆ ದವಡೆ ಹಲ್ಲು, ಕೋರೆಹಲ್ಲು ಬರುವ ಕಾಲ ಇದು. ಅಮ್ಮ ಮರೆಯಾದರೆ ಭಯ. 'ಬ್ಯಾಡ' ಅನ್ನೋದನ್ನೂ ಆಗತಾನೇ ಕಲಿತಿರುತ್ತಾರೆ.

ದಾವಣಗೆರೆಯಲ್ಲಿ ನಮ್ಮ ಬೀದಿಯ ಒಂದು ಮನೆಯ ಕಥೆ ಹೇಳುತ್ತೇನೆ. ಮಗು ನಾಲ್ಕಕ್ಕೆ ಮಲಗಿ ಐದೂವರೆಗೆ ಏಳುತ್ತಿತ್ತು. ಎದ್ದು ಮೂರೇ ಗಂಟೆಗೆ ಮತ್ತೆ ಮಲಗು ಅಂದರೆ ಹೇಗೆ ಮಲಗೀತು? ಈ ವಯಸ್ಸಿಗೆ ಸುಮಾರು ಐದು ಗಂಟೆಯಾದರೂ ಎಚ್ಚರ ಇರಬೇಕು. ಸಾಲದ್ದಕ್ಕೆ ಅಪ್ಪ ಅಂಗಡಿ ಮುಚ್ಚಿ ಒಂಬತ್ತಕ್ಕೆ ಬಂದು ಬೈಕ್ ಮೇಲೆ ಒಂದು ರೌಂಡ್ ಹಾಕಿಸುತ್ತಿದ್ದರು.

ಹನ್ನೆರಡಕ್ಕೆ ಊಟ, ಹನ್ನೆರಡೂಮುಕ್ಕಾಲಕ್ಕೆ ನಿದ್ದೆ, ಎರಡೂಮುಕ್ಕಾಲರೊಳಗೆ ಎಬ್ಬಿಸೋದು ಅಂತ ಮಾಡಿದರು. ಬೆಳಿಗ್ಗೆ ಆರೂವರೆಗೆ ಏಳೋದು, ರಾತ್ರಿ ಎಷ್ಟೇ ಕೆಟ್ಟಿರಲಿ. ರಾತ್ರಿ ಎಂಟೂವರೆಗೆ ಮಲಗಿದರೆ ಅಲ್ಲಿಗೆ ಒಟ್ಟು ಹನ್ನೆರಡು ಗಂಟೆ ನಿದ್ದೆ ಆಯಿತು. ಈ ವಯಸ್ಸಿಗೆ 11ರಿಂದ 14 ಗಂಟೆ ಬೇಕು. ಬೈಕ್ ರೌಂಡು ಬೆಳಿಗ್ಗೆಗೆ ಹೋಯಿತು.

ಸಂಜೆ ಏಳಕ್ಕೆ ಊಟ. ಏಳೂವರೆಗೆ ಟಿವಿ, ಮೊಬೈಲ್ ಬಂದ್. ಎಂಟಕ್ಕೆ ಬಿಸಿನೀರಲ್ಲಿ ಮೈ ಒರೆಸಿ, ಹಲ್ಲುಜ್ಜಿ, ಒಂದು ಚಿತ್ರದ ಪುಸ್ತಕ, ಒಂದು ಜೋಗುಳ. ಲೈಟಿನ ಸ್ವಿಚ್ಚನ್ನು ಮಗುವಿನ ಕೈಲೇ ಆರಿಸಿದರು. ಇದು ಸಣ್ಣದಾದರೂ ಬಹಳ ಕೆಲಸ ಮಾಡುತ್ತದೆ. ಮಲಗಬೇಕೋ ಬೇಡವೋ ಅಂತ ಕೇಳಬೇಡಿ, ಕೆಂಪು ಹೊದಿಕೆಯೋ ನೀಲಿಯೋ ಅಂತ ಕೇಳಿ. ಅಜ್ಜಿಗೆ ದೃಷ್ಟಿ ತೆಗೀಬೇಕು ಅನ್ನಿಸಿದರೆ ತೆಗೀಲಿ, ಎಂಟರೊಳಗೆ ಮುಗಿಸಲಿ.

ಹೊರಳಾಡಿ ಅತ್ತರೆ ಪಕ್ಕದಲ್ಲೇ ಕೂತು, ಬೆನ್ನ ಮೇಲೆ ಕೈಯಿಟ್ಟು, "ಈಗ ಮಲಗೋ ಹೊತ್ತು ಕಂದ, ಅಮ್ಮ ಇಲ್ಲೇ ಇದೀನಿ" ಅನ್ನಿ. ಪ್ರತಿ ಸಲ ಅದೇ ಮಾತು. ನಡುರಾತ್ರಿ ಎದ್ದರೂ ಇಷ್ಟೇ. ಲೈಟ್ ಬೇಡ, ಹಾಲಿನ ಬಾಟಲಿಯೂ ಬೇಡ, ಹಲ್ಲು ಹುಳುಕಾಗುತ್ತದೆ.

ಶುರುವಿನ ಕೆಲವು ರಾತ್ರಿ ಅಳು ಕಮ್ಮಿಯಾಗೋ ಬದಲು ಜಾಸ್ತಿಯಾಗಬಹುದು. ಮನೆಯವರು ಸೋಲೋದು ಅಲ್ಲೇ. ಅರ್ಧ ಗಂಟೆ ಅತ್ತ ಮೇಲೆ ಮೊಬೈಲ್ ಕೊಟ್ಟರೆ, ಅರ್ಧ ಗಂಟೆ ಅಳಬೇಕು ಅಂತ ಮಗು ಕಲಿಯುತ್ತದೆ. ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಒಂದೇ ಥರ ನಡೆದುಕೊಂಡರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗುತ್ತದೆ.

ಆದರೆ ಮಗು ದಿನಾ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತೆ ಕಂಡರೆ, ಜ್ವರ ಇದ್ದು ಕಿವಿ ಎಳೆದುಕೊಳ್ಳುತ್ತಿದ್ದರೆ ಅದು ಹಟ ಅಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿಯಿಡೀ ಕಾಲು ಒದರುತ್ತಾ ಹೊರಳಾಡಿದರೂ ಕೇಳಿ, ಕಬ್ಬಿಣದ ಅಂಶ ಕಮ್ಮಿಯಾದಾಗಲೂ ಹೀಗಾಗುತ್ತದೆ.