ದೋಣಿ ನಿಲ್ಲುವ ಮೂರು ರಾತ್ರಿ: ಕಲ್ಪಿತ ಧರ್ಮದ ಕೆಲಸ ಎಲ್ಲಿಗೆ ಬಂತು

ಬರೆಯುತ್ತಿರುವ ಕಥೆಗೆಂದು ಕಟ್ಟಿದ ಧರ್ಮದ ಮೊದಲ ಕರಡಿನಲ್ಲಿ ಹನ್ನೆರಡು ದೇವರುಗಳಿದ್ದರು, ನಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಡಿ. ಅಷ್ಟನ್ನೂ ಅಳಿಸಿ ಕಥೆ ಓದಿದರೆ ಒಂದು ಘಟನೆಯೂ ಅಲುಗಲಿಲ್ಲ. ಈಗ ಉಳಿದಿರುವುದು ಒಂದೇ ಕಟ್ಟಳೆ: ಸತ್ತವರ ಜೀವ ಮೂರು ರಾತ್ರಿ ನದಿ ದಾಟುತ್ತಿರುತ್ತದೆ, ಅಲ್ಲಿಯವರೆಗೆ ಕತ್ತಲಾದ ಮೇಲೆ ದೋಣಿ ನೀರಿಗಿಳಿಯಬಾರದು.

ಆಚರಣೆಯನ್ನು ಕೈಗೆ ಸಿಗುವ ವಸ್ತುವಿಗೆ ಕಟ್ಟಿದ್ದಾಗಿದೆ. ಸಂಜೆ ಅಂಬಿಗ ತನ್ನ ಹುಟ್ಟುಗಳನ್ನು ಸಾವಾದ ಮನೆಯ ಬಾಗಿಲಿಗೆ ಒರಗಿಸಿ ಬರುತ್ತಾನೆ, ಬೆಳಿಗ್ಗೆ ಮನೆಯವರೇ ಮರಳಿಸುತ್ತಾರೆ. ಯಾರಿಗಾದರೂ ರಾತ್ರಿ ನದಿ ದಾಟಲೇಬೇಕಾದರೆ ದೇವರನ್ನಲ್ಲ, ಅಳುತ್ತಿರುವ ಆ ಮನೆಯವರನ್ನು ಕೇಳಬೇಕು.

ಆಮೇಲೆ ಲೆಕ್ಕ. ವರ್ಷಕ್ಕೆ ಸಾವಿರಕ್ಕೆ 30 ಸಾವು ಎಂದು ಹಿಡಿದರೆ (ಹಳೆಯ ಕಾಲದ ಲೋಕಕ್ಕೆ ಇದು ಹೆಚ್ಚೇನಲ್ಲ) 400 ಜನರ ಹಳ್ಳಿಯಲ್ಲಿ 12 ಸಾವು, ಹೆಚ್ಚೆಂದರೆ 36 ರಾತ್ರಿ ದೋಣಿಯಿಲ್ಲ. ಸಹಿಸಬಹುದು. 4,000 ಜನರ ಪಟ್ಟಣದಲ್ಲಿ 120 ಸಾವು. ಒಂದರ ಮೇಲೊಂದು ಬೀಳುವ ರಾತ್ರಿಗಳನ್ನು ಕಳೆದರೂ ವರ್ಷದ ಅರ್ಧಕ್ಕಿಂತ ಹೆಚ್ಚು ರಾತ್ರಿ ನದಿ ಮುಚ್ಚಿರುತ್ತದೆ. ಅಂಥ ಕಟ್ಟಳೆಯನ್ನು ಯಾವ ಪಟ್ಟಣವೂ ಹಾಗೇ ಉಳಿಸಿಕೊಳ್ಳುವುದಿಲ್ಲ, ಒಂದು ಸಂದು ಹುಡುಕುತ್ತದೆ. ಹಾಗಾಗಿ ಪಟ್ಟಣದ ಪೂಜಾರಿಗಳು 'ಸೂತಕ ಆಯಾ ಕಡವಿಗೆ ಮಾತ್ರ, ಪಕ್ಕದ ಕಡವಿನಿಂದ ದಾಟಬಹುದು' ಎಂದರು. ಹಳ್ಳಿಯವರು ಕೇಳಿದರು: ನದಿ ಒಂದೇ ಅಲ್ಲವೇ?

ಸಂಶಯ ಹುಟ್ಟಿದ್ದು ಇಲ್ಲಿಂದ. ಅದಕ್ಕೆಂದೇ ಒಬ್ಬ ನಾಸ್ತಿಕನನ್ನು ತಂದು ಭಾಷಣ ಮಾಡಿಸುವ ಅಗತ್ಯ ಬೀಳಲಿಲ್ಲ.

ಸದ್ಯ ತಿದ್ದುತ್ತಿರುವ ದೃಶ್ಯ: ಹಳ್ಳಿಯಲ್ಲಿ ಎರಡನೆಯ ರಾತ್ರಿ, ಅಂಬಿಗನ ಮಗಳಿಗೆ ಜ್ವರ ಏರಿದೆ, ವೈದ್ಯೆ ಆಚೆ ದಡದಲ್ಲಿದ್ದಾಳೆ. ಹುಟ್ಟು ಇರುವುದು ಮಗನನ್ನು ಕಳೆದುಕೊಂಡ ಮುದುಕಿಯ ಬಾಗಿಲಲ್ಲಿ. ಅವನು ಬೇಡಬಹುದು, ಕದಿಯಬಹುದು, ಬೆಳಗಿನವರೆಗೆ ಕಾಯಬಹುದು. ಮುದುಕಿ ಕೊಟ್ಟರೆ ತನ್ನ ಮಗನ ಜೀವ ನಡುನೀರಿನಲ್ಲೇ ಉಳಿಯುತ್ತದೆಂದು ನಂಬಿಯೇ ಕೊಡುತ್ತಾಳೆ. ಅವಳು ಇದನ್ನು ಮನಸಾರೆ ನಂಬದಿದ್ದರೆ ದೃಶ್ಯಕ್ಕೆ ತೂಕವೇ ಇಲ್ಲ.

ಫಲಿತಾಂಶ ಬರೆಯುವಾಗ ಕೈ ಜಾರುವುದು ಸುಲಭ. ಮರುದಿನವೇ ಪ್ರವಾಹ ತಂದರೆ ದೇವರಿರುವುದು ಸಾಬೀತಾಗಿ ಸಂಶಯಪಟ್ಟವರು ಮೂರ್ಖರಾಗುತ್ತಾರೆ. ಏನೂ ಆಗದಿದ್ದರೆ ನಂಬಿದವರು ಮೂರ್ಖರಾಗುತ್ತಾರೆ. ಈಗಿನ ಕರಡಿನಲ್ಲಿ ಹುಡುಗಿ ಬದುಕುತ್ತಾಳೆ, ತಿಂಗಳ ನಂತರ ಮಳೆಗಾಲದಲ್ಲಿ ಹಳೆಯ ದೋಣಿಯ ತಳ ಒಡೆಯುತ್ತದೆ. ಹಲಗೆ ಕೊಳೆತಿದ್ದು ಮೊದಲ ಅಧ್ಯಾಯದಲ್ಲೇ ಕಾಣಿಸಿದೆ. ಹಳ್ಳಿ ಎರಡು ಮಾತಾಡುತ್ತದೆ, ಎರಡಕ್ಕೂ ಆಧಾರವಿದೆ. ಕಥೆಗಾರನ ದನಿ ಯಾವ ಪಕ್ಷಕ್ಕೂ ವಾಲದಂತೆ ಆ ಪುಟದ ವಿಶೇಷಣಗಳನ್ನೆಲ್ಲ ಕಿತ್ತುಹಾಕಲಾಗಿದೆ.

ಮುಂದಿರುವುದು ಸಾಂಕ್ರಾಮಿಕದ ಅಧ್ಯಾಯ: ದಿನವೂ ಸಾವು, ಹುಟ್ಟುಗಳಿರುವುದು ಒಂದೇ ಜೊತೆ, ಅವು ಯಾವ ಬಾಗಿಲಿಗೆ ಹೋಗಬೇಕು ಎಂಬುದಕ್ಕೆ ಕಟ್ಟಳೆಯಲ್ಲಿ ಇನ್ನೂ ಉತ್ತರವಿಲ್ಲ.