ರಂಗನತಿಟ್ಟಿನ ಬಂಡೆ, ಎರಡು ರೀವ, ಒಂದು ಮೀನು

ಮಾರ್ಚ್ ಹೊತ್ತಿಗೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಕಾವೇರಿ ಇಳಿದಿರುತ್ತದೆ. ನಡುಗಡ್ಡೆಗಳ ಸುತ್ತ ಬಂಡೆಗಳು ಎದ್ದು ಕಾಣುತ್ತವೆ. ಮರಗಳ ತುಂಬ ಬಣ್ಣದ ಕೊಕ್ಕರೆ, ಬಂಡೆಯಂಚಿನಲ್ಲಿ ಮೊಸಳೆ. ನೀರಿಗೆ ಹತ್ತಿರದ ಬೋಳು ಬಂಡೆಗಳ ಮೇಲೆ ರೀವಗಳು, ಅಂದರೆ ರಿವರ್ ಟರ್ನ್‌ಗಳು, ಗೂಡಿಗೆ ಜಾಗ ಹಿಡಿದಿರುತ್ತವೆ. ಕ್ಯಾಮೆರಾ ಹಿಡಿದು ಬರುವವರು ಬೆಳಗಿನ ಮೊದಲ ದೋಣಿಗಳಲ್ಲೇ ಹತ್ತುವುದು ಮೇಲು. ಬಿಸಿಲು ಏರಿದ ಮೇಲೆ ಬಿಳಿ ಗರಿಗಳ ವಿವರ ಉಳಿಯುವುದಿಲ್ಲ.

ದೋಣಿ ಬಂಡೆಯೊಂದರ ಪಕ್ಕ ನಿಧಾನವಾಗಿ ಸಾಗುವಾಗ ಸಿಗಬಹುದಾದ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಬಂಡೆಯ ಮೇಲೆ ಎರಡು ರೀವಗಳು. ಒಂದರ ಕೊಕ್ಕಿನಲ್ಲಿ ಸಣ್ಣ ಮೀನು, ಇನ್ನೊಂದು ಕುಗ್ಗಿ ಕೂತು ಬಾಯಿ ತೆರೆದಿದೆ. ಸ್ಪರ್ಧೆಗೆ ಇದನ್ನು ಕಳಿಸುವ ಬಹುತೇಕರು ಅಡಿಬರಹದಲ್ಲಿ ‘ಪ್ರೇಯಸಿಗೆ ಮೀನಿನ ಉಡುಗೊರೆ ತಂದ ಗಂಡು’ ಎಂದು ಬರೆದುಬಿಡುತ್ತಾರೆ. ಅದು ನಿಜವಿದ್ದರೂ ಇರಬಹುದು. ಆದರೆ ಆ ಒಂದು ಚಿತ್ರ ಅಷ್ಟನ್ನು ಹೇಳುವುದಿಲ್ಲ.

ಮೊದಲು ಜಾತಿ. ಕೊಕ್ಕು ಗಾಢ ಹಳದಿ, ತಲೆಯ ಮೇಲೆ ಪೂರ್ತಿ ಕಪ್ಪು ಟೋಪಿ, ಹೊಟ್ಟೆ ಬಿಳಿಗೆ ಹತ್ತಿರದ ತಿಳಿಬೂದು, ಬಾಲ ಉದ್ದಕ್ಕೆ ಸೀಳಿದೆ. ಗೊಂದಲವಾಗುವುದು ಬೆಳಗಿನ ಹೊಂಬಿಸಿಲಲ್ಲಿ. ಆಗ ಹಳದಿ ಕೊಕ್ಕು ಕಿತ್ತಳೆಯಾಗಿ ಕಾಣುತ್ತದೆ, ನೋಡಿದವರು ಕಪ್ಪು ಹೊಟ್ಟೆಯ ಟರ್ನ್ ಇರಬಹುದೇ ಎನ್ನುತ್ತಾರೆ. ಕೊಕ್ಕಿನ ಬಣ್ಣವನ್ನು ನೆಚ್ಚದೆ ಟೋಪಿ ಮತ್ತು ಹೊಟ್ಟೆಯನ್ನು ಒಟ್ಟಿಗೆ ನೋಡಬೇಕು. ಟೋಪಿ ಪೂರ್ತಿ ಕಪ್ಪಾಗಿದ್ದರೆ ಹಕ್ಕಿ ಮರಿಮಾಡುವ ಕಾಲದ ಗರಿಯಲ್ಲಿದೆ ಎಂದರ್ಥ. ಆ ಗರಿಯಲ್ಲಿ ಕಪ್ಪು ಹೊಟ್ಟೆಯ ಟರ್ನ್‌ಗೆ ಹೆಸರಿಗೆ ತಕ್ಕಂತೆ ಹೊಟ್ಟೆ ಕಪ್ಪಾಗಿರಲೇಬೇಕು. ಇಲ್ಲಿ ಬೆಳ್ಳಗಿದೆ, ಹಾಗಾಗಿ ಜಾತಿಯ ಮಟ್ಟಿಗೆ ‘ರಿವರ್ ಟರ್ನ್’ ಎಂದು ಅನುಮಾನವಿಲ್ಲದೆ ಬರೆಯಬಹುದು. ಮೀನಿನ ಜಾತಿ ಬೇರೆ ಮಾತು. ಅರ್ಧ ಕೊಕ್ಕಿನೊಳಗಿರುವ ಮೀನಿಗೆ ‘ಸಣ್ಣ ಮೀನು’ ಎಂಬುದೇ ಸಾಕು.

ಲಿಂಗದ ವಿಷಯದಲ್ಲಿ ತೊಡಕು ಹೆಚ್ಚು. ರೀವದ ಗಂಡು ಹೆಣ್ಣು ಒಂದೇ ಬಣ್ಣ, ಒಂದೇ ಟೋಪಿ. ಹಾಗಾಗಿ ಗಂಡು ಎಂಬ ತೀರ್ಮಾನಕ್ಕೆ ಇರುವ ಆಧಾರ ನಡವಳಿಕೆ ಮಾತ್ರ: ಟರ್ನ್‌ಗಳಲ್ಲಿ ಜೋಡಿಯಾಗುವ ಕಾಲಕ್ಕೆ ಗಂಡು ಹೆಣ್ಣಿಗೆ ಮೀನು ತಂದುಕೊಡುತ್ತದೆ. ಆದರೆ ತಾಯಿ ತಂದೆ ಇಬ್ಬರೂ ಮರಿಗೆ ಮೀನು ತರುತ್ತವೆ, ಇನ್ನೊಂದರ ಬಾಯಿಂದ ಮೀನು ಕಸಿಯಲು ಬರುವ ಹಕ್ಕಿಯೂ ಇರುತ್ತದೆ. ಆದ್ದರಿಂದ ಬಾಯಿ ತೆರೆದು ಕೂತ ಹಕ್ಕಿಯನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನೋಡಬೇಕು. ಬೆನ್ನಿನ ಗರಿಗಳಿಗೆ ಕಂದು ಅಂಚು, ಟೋಪಿ ಅರೆಬರೆ, ಕೊಕ್ಕಿನ ತುದಿ ಕಪ್ಪು ಕಂಡರೆ ಅದು ಪ್ರಾಯಕ್ಕೆ ಬಾರದ ಮರಿ. ಆಗ ಪ್ರಣಯದ ಮಾತೇ ಬರುವುದಿಲ್ಲ.

ನಮ್ಮ ಚಿತ್ರದಲ್ಲಿ ಎರಡೂ ಬೆಳೆದ ಹಕ್ಕಿಗಳು ಎಂದಿಟ್ಟುಕೊಳ್ಳಿ. ಉಳಿದ ಪ್ರಶ್ನೆಗೆ ಉತ್ತರ ಸ್ಪರ್ಧೆಗೆ ಕಳಿಸದ ಫ್ರೇಮುಗಳಲ್ಲಿದೆ. ಒಂದೇ ಗುಕ್ಕಿನಲ್ಲಿ ತೆಗೆದ ಸಾಲನ್ನು ಸಮಯದ ಕ್ರಮದಲ್ಲಿ ಇಟ್ಟು ನೋಡಿದರೆ ಮೀನು ಹಿಡಿದು ಇಳಿದದ್ದು ಯಾವುದು, ಕೊನೆಗೆ ಅದನ್ನು ನುಂಗಿದ್ದು ಯಾವುದು, ಕೊಟ್ಟಿತೋ ಕಸಿಯಿತೋ ಎಂಬುದು ತಿಳಿಯುತ್ತದೆ. ಮುಂದೆ ಕೂಡುವುದೂ ದಾಖಲಾಗಿದ್ದರೆ ಮೇಲೇರಿದ್ದು ಗಂಡು. ಎರಡರ ಲಿಂಗವೂ ಅಲ್ಲಿಗೆ ಇತ್ಯರ್ಥ. ದೋಣಿ ಮುಂದೆ ಸರಿದು ಕೂಡುವುದು ಸಿಗದೇ ಹೋದರೆ, ಆಗಾಗ ಆಗುವುದೂ ಹೀಗೆಯೇ, ಅಡಿಬರಹ ಅಷ್ಟಕ್ಕೇ ನಿಲ್ಲಬೇಕು:

‘ರಿವರ್ ಟರ್ನ್, ಎರಡು ಬೆಳೆದ ಹಕ್ಕಿಗಳು. ರಂಗನತಿಟ್ಟು, ಮಾರ್ಚ್, ದೋಣಿಯಿಂದ ತೆಗೆದದ್ದು. ಎಡಗಡೆಯ ಹಕ್ಕಿ ತಂದ ಸಣ್ಣ ಮೀನನ್ನು ಬಲಗಡೆಯದು ಮುಂದಿನ ಫ್ರೇಮುಗಳಲ್ಲಿ ಪಡೆದು ನುಂಗಿತು. ಪ್ರಣಯಕಾಲದ ಉಣಿಸುವಿಕೆ ಇರಬೇಕು. ಹಾಗಿದ್ದರೆ ಎಡಗಡೆಯದು ಗಂಡು. ಗಂಡು ಹೆಣ್ಣು ನೋಡಲು ಒಂದೇ ರೀತಿ ಇರುವುದರಿಂದ ರೂಪದಿಂದ ಖಚಿತಪಡಿಸಲಾಗಿಲ್ಲ.’

‘ಇರಬೇಕು’, ‘ಹಾಗಿದ್ದರೆ’ ಎಂಬ ಪದಗಳು ಎಲ್ಲಿ ಬಂದಿವೆ ಗಮನಿಸಿ. ಜಾತಿಯ ಪಕ್ಕ ಇಲ್ಲ, ಕಣ್ಣಿಗೆ ಕಂಡ ಘಟನೆಯ ಪಕ್ಕವೂ ಇಲ್ಲ. ಊಹೆ ಶುರುವಾಗುವ ಕಡೆಯಷ್ಟೇ ಇವೆ. ಎಲ್ಲ ವಾಕ್ಯಕ್ಕೂ ‘ಬಹುಶಃ’ ಸೇರಿಸಿದರೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬುದು ತೀರ್ಪುಗಾರರಿಗೆ ತಿಳಿಯುವುದಿಲ್ಲ. ಪದಮಿತಿ ಬಿಗಿಯಾಗಿದ್ದರೆ ಮೊದಲು ಕೈಬಿಡಬೇಕಾದದ್ದು ಲಿಂಗದ ಊಹೆಯನ್ನು, ಅದರ ಮುಂದಿನ ‘ಹಾಗಿದ್ದರೆ’ಯನ್ನಲ್ಲ.

ಅದೇ ದೋಣಿಯಲ್ಲಿ ಸಿಗುವ ಉಳಿದ ಚಿತ್ರಗಳದ್ದು ಇನ್ನೂ ಸರಳ. ಬಾಯಿ ತೆರೆದು ಮಲಗಿದ ಮೊಸಳೆ ಯಾರನ್ನೂ ಬೆದರಿಸುತ್ತಿಲ್ಲ. ‘ಬಾಯಿ ತೆರೆದು ಬಿಸಿಲು ಕಾಯುತ್ತಿದೆ, ಲಿಂಗ ತಿಳಿಯದು’ ಎಂದರಾಯಿತು. ಬಣ್ಣದ ಕೊಕ್ಕರೆಯ ಗುಲಾಬಿ ಗರಿ ಗಂಡಿನ ಗುರುತಲ್ಲ, ಎರಡಕ್ಕೂ ಇರುತ್ತದೆ. ಗಂಡು ತುಸು ದೊಡ್ಡದು, ಕೊಕ್ಕೂ ದಪ್ಪ. ಆದರೆ ಅದನ್ನು ಹೇಳಲು ಜೋಡಿ ಅಕ್ಕಪಕ್ಕ, ಕ್ಯಾಮೆರಾದಿಂದ ಒಂದೇ ದೂರದಲ್ಲಿ ನಿಂತಿರಬೇಕು. ಒಂಟಿ ಕೊಕ್ಕರೆಯ ಚಿತ್ರಕ್ಕೆ ‘ಬೆಳೆದ ಹಕ್ಕಿ, ಲಿಂಗ ತಿಳಿಯದು’ ಎಂದೇ ಬರೆಯಬೇಕು.