ಅಳಿಸಿದ ಮೆಸೇಜುಗಳು ಮರಳಿ ಬಂದಾಗ

ರಾಯಚೂರಿನ ಮನೆಯಲ್ಲಿ ಮೊನ್ನೆ ರಾತ್ರಿ ಹೊಸ ಫೋನಿಗೆ ಗೂಗಲ್ ಬ್ಯಾಕಪ್‌ನಿಂದ ಮಾಹಿತಿ ಇಳಿಸಿಕೊಂಡಾಗ, ಹಳೆಯ ಫೋನಿನಲ್ಲಿ ನಾನೇ ಒಟ್ಟಿಗೆ ಅಳಿಸಿದ್ದ ಕರೆಗಳ ಪಟ್ಟಿ, ಒಟಿಪಿಗಳು, ತೀರಿಹೋದ ಅಪ್ಪ ಕಳಿಸಿದ್ದ ‘ಊಟ ಆತೇನವ್ವಾ?’ ಎಂಬ ಮೆಸೇಜು, ಎಲ್ಲವೂ ಮರಳಿ ಬಂದವು. ಅಳಿಸಿದ ಮೇಲೆ ಫೋನು ವೈಫೈಗೆ ಸೇರಿರಲೇ ಇಲ್ಲವಾದ್ದರಿಂದ ಹೊಸ ಬ್ಯಾಕಪ್ ಆಗದೆ, ಅದಕ್ಕೂ ಹಿಂದಿನ ಪ್ರತಿಯೇ ಉಳಿದಿತ್ತು. ಒಟಿಪಿಯ ಆಯುಸ್ಸು ಕೆಲವೇ ನಿಮಿಷವಾದರೂ, ಅದರೊಂದಿಗೆ ಬರೆದಿದ್ದ ಮೊತ್ತ, ಅಂಗಡಿಯ ಹೆಸರು, ಕಾರ್ಡಿನ ಕೊನೆಯ ಅಂಕಿಗಳು ಹಾಗೆಯೇ ಇದ್ದುದನ್ನು ಕಂಡು ನನಗೆ ನಿಜಕ್ಕೂ ಅಳುಕಾಯಿತು. ಅಪ್ಪನ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಉಳಿದುದನ್ನು ಅಳಿಸಿದೆ. ಕೂಡಲೇ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ‘Back up now’ ಒತ್ತಿದೆ. ಹಳೆಯ ಫೋನಿನ ಬ್ಯಾಕಪ್ಪು ಪ್ರತ್ಯೇಕವಾಗಿರುವುದರಿಂದ, ಗೂಗಲ್ ಡ್ರೈವ್‌ನ ಬ್ಯಾಕಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆದುಹಾಕಿದ ಮೇಲೆಯೇ ಮಲಗಿದೆ.